ಸೋದರಳಿಯನ ಬಯೋಡೇಟಾ

ನನ್ನ ಮೊದಲ ಬಯೋಡೇಟಾ ತಯಾರಾದದ್ದು 1991ರಲ್ಲಿ, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ, ಕಾರ್ಬನ್ ಇಟ್ಟು ಮೂರು ಪ್ರತಿ. ಅಪ್ಪನ ಹೆಸರು, ನನ್ನ ಎತ್ತರ, ಬರುವ ಭಾಷೆಗಳು ಎಲ್ಲವೂ ಇದ್ದವು. ಊರೂರು ಅಲೆದು ಸಾಬೂನು ಮಾರಿದ ಎರಡು ವರ್ಷಕ್ಕೆ ಮಾತ್ರ ‘ಮಾರಾಟದ ಜವಾಬ್ದಾರಿ’ ಅಂತ ಎರಡೇ ಪದ. ‘ಎಷ್ಟು ಮಾರಿದಿರಿ?’ ಅಂದರು ಸಂದರ್ಶನದವರು. ನನಗೆ ಗೊತ್ತಿರಲಿಲ್ಲ.

ಮೊದಲ ರೆಸ್ಯೂಮೆ ಬರೆದವನು ಲಿಯೊನಾರ್ಡೊ ಡಾ ವಿಂಚಿ ಅನ್ನುವವರಿದ್ದಾರೆ. 1482ರ ಸುಮಾರಿಗೆ ಮಿಲಾನಿನ ದೊರೆಗೆಂದು ಸಿದ್ಧಪಡಿಸಿದ ಪತ್ರವದು. ಹಗುರ ಸೇತುವೆ ಕಟ್ಟಬಲ್ಲೆ, ಸುರಂಗ ತೋಡಬಲ್ಲೆ ಎಂದು ಹೇಳುತ್ತಾ ಹೋಗಿ, ಚಿತ್ರಕಲೆಯ ಮಾತು ಕೊನೆಗೆ. ಬರೀ ‘ಬಲ್ಲೆ’ಗಳೇ. ಆದರೆ ಜಾಣ, ಅನುಮಾನವಿದ್ದರೆ ನಿಮ್ಮ ತೋಟದಲ್ಲೇ ಮಾಡಿ ತೋರಿಸುತ್ತೇನೆ ಅಂತ ಸೇರಿಸಿದ. ಬಿಸ್ಕತ್ತು ಮಾರುವವನಿಗೆ ಆ ಅನುಕೂಲವಿಲ್ಲ, ಅವನ ತೋಟ ಲೆಕ್ಕದ ಪುಸ್ತಕದಲ್ಲೇ ಇರಬೇಕು.

ಹೋದ ತಿಂಗಳು ದಾವಣಗೆರೆಯಿಂದ ಅಕ್ಕನ ಮಗ ಬಂದ, ಬಿಸ್ಕತ್ತು ಕಂಪನಿಯ ಸೇಲ್ಸ್‌ಮನ್. ಅವನ ರೆಸ್ಯೂಮೆಯಲ್ಲೂ ‘ಮಾರಾಟ ಹೆಚ್ಚಿಸುವುದು, ಅಂಗಡಿಯವರೊಂದಿಗೆ ಉತ್ತಮ ಬಾಂಧವ್ಯ’ ಎಂಬ ಸಾಲು. ಸಂಖ್ಯೆ ಹಾಕೋ ಅಂದೆ. ಮಾರ್ಚಿನಲ್ಲಿ ಸೇಲ್ಸ್ ಶೇ. 60 ಏರಿತ್ತು ಅಂತ ಅಲ್ಲೇ ಬರೆದ.

‘ಪ್ರೈಮರಿನೋ, ಸೆಕೆಂಡರಿನೋ?’

‘ಪ್ರೈಮರಿ, ಮಾವ.’

ಅಂದರೆ ಟಾರ್ಗೆಟ್ ಮುಟ್ಟಿಸಲು ವರ್ಷದ ಕೊನೆಗೆ ಡಿಸ್ಟ್ರಿಬ್ಯೂಟರ್ ಗೋಡೌನಿಗೆ ತುಂಬಿದ ಮಾಲು. ಏಪ್ರಿಲ್‌ನಲ್ಲಿ ಎಷ್ಟು ಹೋಯಿತು ಅಂತ ಕೇಳಿದೆ. ತಲೆ ತಗ್ಗಿಸಿದ. ಈ ಆಟ ನಾನೂ ಆಡಿದವನೇ. ಸಂದರ್ಶನದಲ್ಲಿ ಎದುರು ಕೂರುವವನೂ ಆಡಿಯೇ ಆ ಕುರ್ಚಿಗೆ ಬಂದಿರುತ್ತಾನೆ.

ಸೆಕೆಂಡರಿ, ಅಂದರೆ ಗೋಡೌನಿನಿಂದ ಅಂಗಡಿಗೆ ಹೋದ ಮಾಲು, ತೆಗೆಸಿದೆ. ದೀಪಾವಳಿ ತಿಂಗಳು ಮೋಸ ಮಾಡದಿರಲಿ ಅಂತ ಇಡೀ ವರ್ಷದ ಸರಾಸರಿಯನ್ನು ಹಿಂದಿನ ವರ್ಷದ ಸರಾಸರಿಯ ಪಕ್ಕ ಇಟ್ಟೆವು: ತಿಂಗಳಿಗೆ 8 ಲಕ್ಷವಿದ್ದದ್ದು 10 ಲಕ್ಷ. ಶೇ. 25 ಅಂತ ಹಿಗ್ಗಿದ. ನಡುವೆ ಕಂಪನಿ ಬೆಲೆಯನ್ನೇ ಶೇ. 5 ಏರಿಸಿತ್ತು, ಅದನ್ನು ಕಳೆದರೆ ನಿಜವಾಗಿ ಬೆಳೆದದ್ದು ಶೇ. 19. ಹಿಗ್ಗು ಸ್ವಲ್ಪ ಇಳಿಯಿತು.

‘ಹೇಗೆ ಬೆಳೆಸಿದೆ?’ ಅದಕ್ಕೆ ಅವನು ಬಾಯಿ ಬಿಡಲು ಅರ್ಧ ಗಂಟೆ ಹಿಡಿಯಿತು. ಬೀಟಿನಲ್ಲಿ ಆರ್ಡರ್ ಕೊಡದೆ ಉಳಿದ ಅಂಗಡಿಗಳಿಗೆ ಪ್ರತಿ ವಾರ ಇನ್ನೊಮ್ಮೆ ಹೋಗುತ್ತಿದ್ದನಂತೆ. ಇದನ್ನು ಹೇಳಿಕೊಳ್ಳಲು ಅವನಿಗೆ ಸಂಕೋಚ, ಶೇ. 60ಕ್ಕೆ ಇರಲಿಲ್ಲ!

ಕೊನೆಗೆ ಉಳಿದ ಸಾಲು ಇದು: ‘ಆರು ಬೀಟ್‌ಗಳಲ್ಲಿ ಆರ್ಡರ್ ತಪ್ಪಿದ ಅಂಗಡಿಗಳಿಗೆ ವಾರದಲ್ಲಿ ಎರಡನೇ ಭೇಟಿ, ಒಂದು ವರ್ಷದಲ್ಲಿ ಮಾಲು ಕೊಳ್ಳುವ ಅಂಗಡಿಗಳು 180ರಿಂದ 236ಕ್ಕೆ, ಬೆಲೆಯೇರಿಕೆ ಕಳೆದು ಸೆಕೆಂಡರಿ ಮಾರಾಟ ಶೇ. 19 ಹೆಚ್ಚಳ.’ ‘ಉತ್ತಮ ಬಾಂಧವ್ಯ’ ಹೊಡೆದು ಹಾಕಿದೆವು; ಆ 56 ಅಂಗಡಿಗಳಲ್ಲೇ ಅದು ಬಂದುಬಿಟ್ಟಿತ್ತು.

ಮದುವೆಯ ಬಯೋಡೇಟಾದಲ್ಲಿ ಮಾತ್ರ ಅಕ್ಕ ‘ಕಂಪನಿಯಲ್ಲಿ ಒಳ್ಳೆಯ ಹುದ್ದೆ’ ಅಂತಲೇ ಬರೆಸಿದ್ದಾಳೆ.