ಮೊಟ್ಟೆಯ ಪಾಲು ಎಷ್ಟು?

ನಿವೃತ್ತರಾದ ಮೇಲೆ ನಾವು ಗಂಡಹೆಂಡಿರು ಪ್ರತಿ ಸಂಜೆ ಜತ್ತ ಪೇಟೆಯಲ್ಲಿ ಒಂದು ಸುತ್ತು ನಡೆದು ಬರುವ ರೂಢಿ ಇಟ್ಟುಕೊಂಡೆವು. ವಾರದಲ್ಲಿ ಮೂರು ನಾಲ್ಕು ದಿನ ಆ ನಡಿಗೆ ಒಂದು ಎಗ್ ರೋಲ್ ಗಾಡಿಯ ಮುಂದೆ ನಿಲ್ಲುತ್ತಿತ್ತು. ಕೋಲ್ಕತ್ತದಲ್ಲಿ ಹುಟ್ಟಿದ ಈ ತಿನಿಸು ಜೋಳದ ರೊಟ್ಟಿಯ ನಾಡಿಗೂ ಬಂದು ನೆಲೆಯೂರಿದೆ. ಒಂದೊಂದು ರೋಲ್ ತಿಂದು ಮನೆಗೆ ಬಂದು, ಅದು ಕೇವಲ ಸಂಜೆಯ ತಿಂಡಿ ಎಂದು ಭಾವಿಸಿ, ಎಂದಿನಂತೆ ಎರಡೆರಡು ರೊಟ್ಟಿ, ಪಲ್ಯ ಉಣ್ಣುತ್ತಿದ್ದೆವು.

ನಮ್ಮಿಬ್ಬರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಆರು ತಿಂಗಳಲ್ಲಿ ತೂಕ ನಾಲ್ಕು ಕಿಲೋ ಏರಿತು, ರಕ್ತದ ಸಕ್ಕರೆಯೂ ಏರಿತು. ವೈದ್ಯರು ಗುಳಿಗೆ ಹೆಚ್ಚಿಸುವ ಮುನ್ನ, ತಿಂದದ್ದನ್ನೆಲ್ಲ ಹದಿನೈದು ದಿನ ಬರೆದಿಡಲು ಹೇಳಿದರು. ನಾವು ರೋಲಿನ ಎದುರು 150 ಕ್ಯಾಲೊರಿ ಎಂದು ಬರೆದೆವು. ಒಂದು ಮೊಟ್ಟೆ, ಒಂದು ತೆಳ್ಳನೆಯ ಚಪಾತಿ, ಅಷ್ಟೇ ತಾನೆ ಎಂಬುದು ನಮ್ಮ ಲೆಕ್ಕ. ಏನನ್ನಾದರೂ ಬಿಡಬೇಕಾದರೆ ಮೊಟ್ಟೆಯನ್ನೇ ಬಿಡೋಣ ಎಂದೂ ಮಾತಾಡಿಕೊಂಡೆವು.

ಆದರೂ ಅನುಮಾನ ಹೋಗಲಿಲ್ಲ. ಒಂದು ಸಂಜೆ ಗಿರಾಕಿಗಳು ಕಡಿಮೆಯಿದ್ದಾಗ, ಗಾಡಿಯ ಹುಡುಗನ ಒಪ್ಪಿಗೆ ಪಡೆದು ಅಡುಗೆಮನೆಯ ಸಣ್ಣ ತಕ್ಕಡಿಯನ್ನು ಅಲ್ಲಿಗೇ ಒಯ್ದೆವು.

ಒಂದು ಕಿಲೋ ಮೈದಾಕ್ಕೆ ಅರ್ಧ ಲೀಟರ್ ನೀರು, 50 ಗ್ರಾಂ ಎಣ್ಣೆ ಸೇರಿಸಿ ಅವನು ಹಿಟ್ಟು ನಾದುತ್ತಾನೆ. ಒಂದು ಉಂಡೆ 90 ಗ್ರಾಂ ತೂಗಿತು. ಇಲ್ಲಿಯೇ ಲೆಕ್ಕ ತಪ್ಪುವ ಸಂಭವವಿದೆ, ಏಕೆಂದರೆ ಉಂಡೆಯ ಮೂರನೇ ಒಂದು ಪಾಲು ನೀರು. ನೀರಿಗೆ ಕ್ಯಾಲೊರಿ ಇಲ್ಲ. ಉಳಿಯುವುದು 58 ಗ್ರಾಂ ಮೈದಾ, 3 ಗ್ರಾಂ ಎಣ್ಣೆ. ಮೈದಾ ಗ್ರಾಮಿಗೆ ಸುಮಾರು ಮೂರೂವರೆ, ಎಣ್ಣೆ ಒಂಬತ್ತು ಕ್ಯಾಲೊರಿ ಕೊಡುವುದರಿಂದ ಹೊದಿಕೆಯೊಂದೇ 230 ಆಯಿತು. ಅದರ ಮೈಗೆ ಅಂಟಿಕೊಳ್ಳುವ ಮೊಟ್ಟೆಯದು ಸುಮಾರು 70.

ಹಂಚಿನ ಎಣ್ಣೆಯನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಆದ್ದರಿಂದ ಎಣ್ಣೆಯ ಡಬ್ಬಿಯನ್ನೇ ಮೊದಲು ತೂಗಿ, ಹತ್ತು ರೋಲ್ ಆದ ಮೇಲೆ ಮತ್ತೆ ತೂಗಿದೆವು. ಹಂಚಿನಲ್ಲಿ ಉಳಿದದ್ದನ್ನೂ ಸಿಡಿದದ್ದನ್ನೂ ಅಂದಾಜಿನಲ್ಲಿ ಕಳೆದರೆ, ರೋಲಿಗೆ 15 ಗ್ರಾಂ ಬಿತ್ತು. ಎಂದರೆ 135 ಕ್ಯಾಲೊರಿ, ಮೊಟ್ಟೆಯ ಹತ್ತಿರ ಹತ್ತಿರ ಎರಡರಷ್ಟು.

"ಎಣ್ಣಿ ಕಡಿಮಿ ಮಾಡಿದ್ರ ಹಂಚಿಗೆ ಹತ್ತತೈತ್ರೀ ಮಾಸ್ತರ," ಎಂದ ಹುಡುಗ. ಅವನ ಮಾತೂ ಸುಳ್ಳಲ್ಲ.

ಬಳಿಕ ಬಿಳಿಯ ಮೇಯೊನೀಸ್. ತಟ್ಟೆಯಲ್ಲಿನ ರೋಲನ್ನು ತಕ್ಕಡಿಯ ಮೇಲಿಟ್ಟು ಬಾಟಲಿ ಹಿಂಡಿಸಿದೆವು. ಎರಡು ಗೆರೆಗೆ 20 ಗ್ರಾಂ. ಬೆಣ್ಣೆಯಂತೆ ಕಾಣುವ ಅದು ಬಹುಪಾಲು ಎಣ್ಣೆಯೇ. ಗ್ರಾಮಿಗೆ ಸುಮಾರು ಏಳರಂತೆ 140. ಕೆಂಪು ಸಾಸುಗಳೆರಡೂ ಸೇರಿ 20, ಎಲೆಕೋಸು ಈರುಳ್ಳಿ 10. ಒಟ್ಟು 605!

ನಾವು ಬರೆದಿದ್ದುದರ ನಾಲ್ಕು ಪಟ್ಟು. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗೆ 170ರ ಸುಮಾರು ಎಂದರೆ, ಮೂರೂವರೆ ರೊಟ್ಟಿಯ ಊಟ ಮುಗಿಸಿ ಬಂದು ನಾವು ಮತ್ತೆ ಊಟಕ್ಕೆ ಕೂರುತ್ತಿದ್ದೆವು. ನಾವು ಬಿಡಹೊರಟಿದ್ದ ಮೊಟ್ಟೆಯ ಪಾಲಾದರೋ ಎಂಟರಲ್ಲಿ ಒಂದೂ ಇರಲಿಲ್ಲ. ಅಷ್ಟೂ ತಿನಿಸಿನಲ್ಲಿ ಒಳ್ಳೆಯ ಪ್ರೋಟೀನ್ ಬಹುವಾಗಿ ಇದ್ದದ್ದು ಅದರಲ್ಲಿಯೇ.

ಈ ಅಂಕಿ ಆ ಗಾಡಿಯದು, ಆ ಸಂಜೆಯದು. ಮತ್ತೊಂದು ಗಾಡಿಯಲ್ಲಿ ಉಂಡೆ ದೊಡ್ಡದಿರಬಹುದು, ಮೇಯೊನೀಸ್ ನೀರಾಗಿರಬಹುದು. ರೋಲನ್ನು ಇಡಿಯಾಗಿ ತೂಗಿದರೂ ನಿಜ ತಿಳಿಯದು, ಏಕೆಂದರೆ ಎಲೆಕೋಸು ಹೆಚ್ಚಿದರೆ ತೂಕ ಏರುತ್ತದೆ, ಕ್ಯಾಲೊರಿ ಏರುವುದಿಲ್ಲ. ಸುತ್ತಿದ ಕಾಗದ ಕೈಯಲ್ಲಿ ಪಾರದರ್ಶಕವಾದರೆ ಎಣ್ಣೆ ಧಾರಾಳ ಎಂದು ತಿಳಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಒಟ್ಟು ಕ್ಯಾಲೊರಿಯೊಂದೇ ಲೆಕ್ಕವಲ್ಲ; ರಕ್ತದ ಸಕ್ಕರೆಯನ್ನು ಬೇಗ ಏರಿಸುವುದು ಮೈದಾ, ಅದನ್ನು ನಾವು ತೆಗೆಯಲಾರೆವು.

ಆದರೂ ತೆಗೆಯಬಹುದಾದದ್ದು ಇತ್ತು. ಮೇಯೊನೀಸ್ ಬಿಟ್ಟು ಇನ್ನೊಂದು ಮೊಟ್ಟೆ ಹಾಕಿಸಿದರೆ 535. ಎಣ್ಣೆಯನ್ನೂ ಅರ್ಧ ಮಾಡಿಸಿದರೆ 470ಕ್ಕಿಂತ ತುಸು ಕಡಿಮೆ. ಈಗ ನಾವು ವಾರಕ್ಕೊಮ್ಮೆ ಮಾತ್ರ ನಿಲ್ಲುತ್ತೇವೆ, ಇಬ್ಬರ ನಡುವೆ ಒಂದೇ ರೋಲ್. ಆ ರಾತ್ರಿ ರೊಟ್ಟಿ ಒಂದೊಂದೇ. ಮೂರು ತಿಂಗಳಲ್ಲಿ ತೂಕ ಎರಡು ಕಿಲೋ ಇಳಿಯಿತು. ಗುಳಿಗೆ ಹೆಚ್ಚಿಸುವ ಮಾತನ್ನು ವೈದ್ಯರು ಸದ್ಯಕ್ಕೆ ಮುಂದೂಡಿದ್ದಾರೆ.

ನಮ್ಮನ್ನು ಕಂಡೊಡನೆ ಹುಡುಗ ಬಿಳಿಯ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, "ಎರಡು ತತ್ತಿ, ಅಲ್ರೀ ಅಕ್ಕೋರ?" ಎಂದು ಕೇಳುತ್ತಾನೆ.