ಬಾಡಿಗೆಗೆ ತಂದ ದರ್ಜೆ

ನಾವು ನಾಲ್ವರು. ಇಬ್ಬರದು ಮಂಡ್ಯ, ಒಬ್ಬನದು ಮದ್ದೂರು, ಇನ್ನೊಬ್ಬನದು ಮಳವಳ್ಳಿ. ಓದು ಮುಗಿಸಿ ಚದುರಿದ ಮೇಲೂ ರಾತ್ರಿ ಊಟವಾದ ನಂತರ ಬಿಜಿಎಂಐ ಆಟದಲ್ಲಿ ಒಂದಾಗುತ್ತಿದ್ದೆವು. 2022ರ ಜುಲೈಯಲ್ಲಿ ಆ ಆಟಕ್ಕೆ ತಡೆ ಬಿದ್ದು ನಿಂತಿದ್ದ ನಮ್ಮ ಕೂಟ, 2023ರ ಮೇ ಕೊನೆಗೆ ಅದು ಮರಳಿದಾಗ ಮತ್ತೆ ಶುರುವಾಯಿತು.

ಕೆಲವು ತಿಂಗಳಾದ ಮೇಲೆ ಮಳವಳ್ಳಿಯ ಗೆಳೆಯ ಒಂದೇ ವಾರದಲ್ಲಿ ಪ್ಲಾಟಿನಂನಿಂದ ಡೈಮಂಡ್ ದಾಟಿ ಕ್ರೌನ್‌ಗೆ ಏರಿದ. ನಾವು ಹೊಗಳಿದೆವು. ಜೊತೆಯಲ್ಲಿ ಆಡಲು ಕೂತರೆ ಮಾತ್ರ ಅದೇ ಹಳೆಯ ಕೈ. ಅವನ ದರ್ಜೆಗೆ ತಕ್ಕಂತೆ ಎದುರಿಗೆ ಬಲವಾದ ತಂಡಗಳು ಬರುತ್ತಿದ್ದವು. ಅವನು ಮೊದಲು ಬೀಳುತ್ತಿದ್ದ, ಹಿಂದೆಯೇ ನಾವು. ನಮ್ಮ ಅಂಕಗಳೂ ಕರಗಿದವು, ಮಾತೂ ಕಡಿಮೆಯಾಯಿತು.

ಕಡೆಗೆ ಅವನ ಪ್ರೊಫೈಲ್ ತೆರೆದು ನೋಡಿದೆವು. ಹಿಂದಿನ ಸೀಸನ್ನುಗಳಲ್ಲಿ ಪಂದ್ಯಕ್ಕೆ ಸರಾಸರಿ ಒಬ್ಬ ಎದುರಾಳಿಯನ್ನು ಕೆಡವುತ್ತಿದ್ದವನು ಆ ಸೀಸನ್ನಿನಲ್ಲಿ ಐವರನ್ನು ಕೆಡವಿದ್ದ. ಪಂದ್ಯಗಳೆಲ್ಲ ಐದು ರಾತ್ರಿಗಳಲ್ಲಿ ಮುಗಿದಿದ್ದವು. ಒಂದು ದಿನದ ಮಿಂಚು ಯಾರಿಗಾದರೂ ಬರಬಹುದು. ನೂರು ಪಂದ್ಯಗಳ ಸರಾಸರಿ ಐದು ಪಟ್ಟಾಗಿ, ನಮ್ಮೊಡನೆ ಕೂತಾಗ ಮತ್ತೆ ಒಂದಕ್ಕೇ ಇಳಿದರೆ ಆಡಿದ ಕೈ ಬೇರೆ ಎಂದೇ ಅರ್ಥ. ಆದರೂ ತಕ್ಷಣ ಬಾಯಿ ಬಿಡಲಿಲ್ಲ. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು ಒಂದೇ ಫೋನ್ ಹಂಚಿಕೊಳ್ಳುವುದುಂಟು, ಆಗಲೂ ಲೆಕ್ಕ ಹೀಗೇ ಕಾಣುತ್ತದೆ.

ಮದ್ದೂರಿನಲ್ಲಿ ವಡೆ ತಿನ್ನುತ್ತಾ ಕೇಳಿದೆವು. ಸಾವಿರದ ಇನ್ನೂರು ರೂಪಾಯಿ ಕೊಟ್ಟು, ಪಾಸ್‌ವರ್ಡನ್ನೂ ಒಪ್ಪಿಸಿ ಯಾರೋ ಹುಡುಗನಿಂದ ‘ರ್‍ಯಾಂಕ್ ಪುಶ್’ ಮಾಡಿಸಿದ್ದನಂತೆ. ‘ನಿಮಗಿಂತ ಕೆಳಗಿದ್ದೆ ಕಣ್ರೋ, ನಾಚಿಕೆಯಾಗ್ತಿತ್ತು’ ಎಂದ. ನಮಗೆ ಕೋಪ ಇಳಿಯಿತು. ಇಳಿಯಬಾರದಿತ್ತೇನೋ. ಆ ಐದು ರಾತ್ರಿ ಪ್ಲಾಟಿನಂ ಆಟಗಾರರಿಗೆ ಎದುರಾದವನು ಅವರ ಮಟ್ಟದವನಲ್ಲ, ನುರಿತ ಕೂಲಿಯಾಳು. ಅವರು ಕಳೆದುಕೊಂಡ ಅಂಕಕ್ಕೆ ಅವರ ಆಟ ಕಾರಣವಲ್ಲ. ದಕ್ಷಿಣ ಕೊರಿಯಾ ಇದನ್ನು 2019ರಿಂದ ಶಿಕ್ಷಾರ್ಹ ಅಪರಾಧ ಮಾಡಿದೆ, ಎರಡು ವರ್ಷದವರೆಗೆ ಜೈಲೂ ಆಗಬಹುದು.

ನುರಿತವನು ಹೊಸ ಹೆಸರಿನಲ್ಲಿ ಎಳೆಯರ ನಡುವೆ ಇಳಿದರೆ ಅದು ಸ್ಮರ್ಫಿಂಗ್. 1996ರ ಸುಮಾರಿಗೆ ವಾರ್‌ಕ್ರಾಫ್ಟ್ 2 ಆಟದ ಇಬ್ಬರು ಪಳಗಿದವರು ಸ್ಮರ್ಫ್ ಕಾರ್ಟೂನಿನ ಹೆಸರು ಹಾಕಿಕೊಂಡು ಆಡಿದ್ದರಿಂದ ಬಂದ ಮಾತು. ಡೋಟಾ 2 ಆಟದಲ್ಲಿ 2023ರ ಸೆಪ್ಟೆಂಬರಿನಲ್ಲಿ ಇಂಥ 90,000 ಖಾತೆಗಳನ್ನು ಮುಚ್ಚಿದರು. ಖಾತೆ ಹೊಸದು, ಪಂದ್ಯಗಳು ಬೆರಳೆಣಿಕೆಯಷ್ಟು, ಆದರೆ ಗುರಿ ಮತ್ತು ನಡೆ ವರ್ಷಗಳ ಅಭ್ಯಾಸದ್ದು ಎನಿಸಿದರೆ ಅನುಮಾನಿಸಬಹುದು. ಸೀಸನ್ ಶುರುವಿನಲ್ಲಿ ಮಾತ್ರ ಈ ಲೆಕ್ಕ ನಡೆಯದು, ಆಗ ಎಲ್ಲರ ದರ್ಜೆಯನ್ನೂ ಕೆಳಗಿಳಿಸಿರುತ್ತಾರೆ.

ಆ ಹುಡುಗ ಕೊನೆಗೆ ಗೆಳೆಯನ ಖಾತೆಯನ್ನೇ ಕಿತ್ತುಕೊಂಡ. ಪಾಪ, ಇವನು ಹೊಸ ಖಾತೆ ತೆರೆದು ಬ್ರಾಂಜ್‌ನಿಂದ ಆಡತೊಡಗಿದ. ಎರಡನೆಯ ರಾತ್ರಿಯೇ ಎದುರಾಳಿಯೊಬ್ಬ ಇವನನ್ನು ಸ್ಮರ್ಫ್ ಎಂದು ಬೈದು ದೂರು ಕೊಟ್ಟ.