ಅಕ್ಕನ ಫೋನ್ ಪುಸ್ತಕ

ನನ್ನ ಅಕ್ಕ ಮೈಸೂರಿನಲ್ಲಿ ತೀರಿಕೊಂಡ ದಿನ, ಸುದ್ದಿ ಮುಟ್ಟಿಸಬೇಕಾದವರ ಪಟ್ಟಿಗೆ ನಮಗಿದ್ದ ಆಧಾರವೆಂದರೆ ಅವಳ ಪರ್ಸಿನಲ್ಲಿದ್ದ ಅಂಗೈಯಗಲದ ಫೋನ್ ಪುಸ್ತಕವೊಂದೇ. ಸುಮಾರು ಮೂವತ್ತು ವರ್ಷ ಅವಳು ಬರೆದದ್ದು. ನೀಲಿ ಶಾಯಿ, ಕಪ್ಪು ಶಾಯಿ, ಪೆನ್ಸಿಲು ಎಲ್ಲವೂ ಒಂದೇ ಪುಟದಲ್ಲಿ. ಆ ದಿನ ನಾವು ಮಾಡಿದ ಒಂದು ತಪ್ಪು ನನಗೆ ತಿಳಿದದ್ದು ಐದು ತಿಂಗಳ ನಂತರ, ಆ ಪುಸ್ತಕವನ್ನು ಮಕ್ಕಳಿಗಾಗಿ ಕಂಪ್ಯೂಟರಿಗೆ ಇಳಿಸಲು ಕುಳಿತಾಗ.

ಮೊದಲು ನಾನೂ ಒಬ್ಬರಿಗೆ ಒಂದು ಸಾಲು ಎಂದು ಬರೆಯತೊಡಗಿದೆ. ಎರಡು ಪುಟದಲ್ಲೇ ಅದು ಕೆಟ್ಟಿತು. ಒಬ್ಬರಿಗೆ ಮೂರು ಸಂಖ್ಯೆಗಳಿದ್ದರೆ ಮೂರನ್ನೂ ಒಂದೇ ಮನೆಯಲ್ಲಿ ತುರುಕಬೇಕಾಗುತ್ತದೆ. ಯಾವುದು ಯಾರದೆಂಬುದು ಕಳೆದುಹೋಗುತ್ತದೆ. ಆದ್ದರಿಂದ ಒಂದು ಸಂಖ್ಯೆಗೆ ಒಂದು ಸಾಲು ಎಂದು ನಿಯಮ ಮಾಡಿಕೊಂಡೆ. ಹೆಸರನ್ನು ಪ್ರತಿ ಸಾಲಿನಲ್ಲೂ ಪೂರ್ತಿ ಬರೆಯುವುದು, ಅಕ್ಕ ಹಾಕಿದ್ದ ‘ಮೇಲಿನಂತೆ’ ಎಂಬ ಜೋಡಿ ಗೆರೆಯನ್ನು ಉಳಿಸಿಕೊಳ್ಳದಿರುವುದು. ಸಂಖ್ಯೆಯ ಕಾಲಮನ್ನು ಮೊದಲೇ ‘ಪಠ್ಯ’ ಎಂದು ಗುರುತಿಸಬೇಕು. ಇಲ್ಲವಾದರೆ 0821ರ ಮೊದಲ ಸೊನ್ನೆಯನ್ನು ಎಕ್ಸೆಲ್ ಸದ್ದಿಲ್ಲದೆ ನುಂಗಿಬಿಡುತ್ತದೆ. ಓರೆಗೆರೆಯದು ಇನ್ನೊಂದು ಬಲೆ. ಕೊನೆಯಲ್ಲಿ 45/46 ಎಂದಿದ್ದರೆ 46 ಎಂಬುದು ಬೇರೆ ಸಂಖ್ಯೆಯಲ್ಲ, ಹಿಂದಿನ ಸಂಖ್ಯೆಯ ಕೊನೆಯ ಎರಡು ಅಂಕಿ ಬದಲಾದದ್ದು. ಅದನ್ನು ಪೂರ್ತಿ ಬಿಡಿಸಿ ಎರಡನೆಯ ಸಾಲು ಮಾಡಬೇಕು.

ಸಂಕ್ಷೇಪಗಳನ್ನು ನಕಲು ಮಾಡುವಾಗಲೇ ಬಿಡಿಸಬಾರದೆಂದು ಕಲಿತದ್ದು ಆಮೇಲೆ. ಮೊದಲು ಇದ್ದದ್ದನ್ನು ಇದ್ದಂತೆ ಇಳಿಸಿ, ಪುಟದ ಅಕ್ಷರವನ್ನೂ ಪಕ್ಕದಲ್ಲಿ ಬರೆದೆ. ಇಡೀ ಪುಸ್ತಕ ಮುಗಿದ ಮೇಲೆಯೇ ಅಕ್ಕನ ರೂಢಿ ಕಣ್ಣಿಗೆ ಬಿದ್ದದ್ದು. ತರಗತಿಯಲ್ಲಿ ಹಳಗನ್ನಡ ಪದ್ಯವನ್ನು ಮೊದಲು ಪೂರ್ತಿ ಓದಿಸಿ ಆಮೇಲೆ ಅರ್ಥ ಕೇಳುತ್ತಿದ್ದ ಮೇಷ್ಟರನ್ನು ನೀವು ಮರೆತಿರಲಾರಿರಿ. ಸ್ವಂತ ಕೆಲಸದಲ್ಲಿ ಆ ಬುದ್ಧಿ ತಡವಾಗಿ ಬಂತು.

‘ಕೆ’ ಪುಟದಲ್ಲಿ ಅವಳ ಬಾಲ್ಯದ ಗೆಳತಿ ಕಮಲು ಅವರ ಹೆಸರಿನ ಮುಂದೆ ಎರಡು ಸಂಖ್ಯೆಗಳಿದ್ದವು. ಮೊದಲನೆಯದು ನೀಲಿ ಶಾಯಿಯಲ್ಲಿ, ಆರು ಅಂಕಿ, ಮುಂದೆ ‘ಪಿ.ಪಿ.’ ಎಂದು. ಫೋನಿಲ್ಲದವರು ನೆರೆಮನೆಯವರ ಸಂಖ್ಯೆ ಕೊಡುತ್ತಿದ್ದ ಕಾಲದ ಗುರುತು ಅದು. ಎರಡನೆಯದು ಕಪ್ಪು ಶಾಯಿಯಲ್ಲಿ, 94480ರಿಂದ ಆರಂಭ. ಮುಂದೆ ಬರಿಯ ‘ಮ’.

ಆ ದಿನ ನನ್ನ ಸೋದರಳಿಯ ಮೊದಲು ಪಿ.ಪಿ. ಸಂಖ್ಯೆಯನ್ನೇ ಒತ್ತಿದ, ಹೋಗಲಿಲ್ಲ. ನಮ್ಮಲ್ಲಿ ಸ್ಥಿರ ದೂರವಾಣಿಯ ಊರಿನ ಕೋಡು (ಮುಂದಿನ ಸೊನ್ನೆ ಬಿಟ್ಟು) ಮತ್ತು ಸಂಖ್ಯೆ ಸೇರಿ ಹತ್ತು ಅಂಕಿ ಆಗಬೇಕು. ಮೈಸೂರಿನ 821ಕ್ಕೆ ಆರು ಸೇರಿದರೆ ಒಂಬತ್ತೇ. ಈ ಶತಮಾನದ ಆರಂಭದಲ್ಲಿ ಹಳೆಯ ಸಂಖ್ಯೆಗಳ ಹಿಂದೆ 2 ಸೇರಿತೆಂಬುದು ಅವನಿಗೆ ತಿಳಿಯದು. 2 ಸೇರಿಸಿದ್ದರೂ ಉಪಯೋಗವಿರಲಿಲ್ಲವೆನ್ನಿ. ಆ ನೆರೆಮನೆ ಇಂದು ಇಲ್ಲ.

ಆಮೇಲೆ ‘ಮ’. ಮೊಬೈಲ್ ಎಂದುಕೊಂಡು ಕರೆ ಮಾಡಿದ. ಗಂಡಸಿನ ದನಿ ಕೇಳಿತು. ಸಂಖ್ಯೆ ಬೇರೆಯವರ ಪಾಲಾಗಿದೆಯೆಂದು ತಿಳಿದು, ಕ್ಷಮೆ ಕೇಳಿ ಇಟ್ಟುಬಿಟ್ಟ.

ಸಾಲುಗಳನ್ನು ಜೋಡಿಸುವಾಗ ನಾನು ಕಂಡದ್ದಿಷ್ಟು: ಅಕ್ಕ ಮೊಬೈಲನ್ನು ಎಲ್ಲೆಡೆ ‘ಮೊ’ ಎಂದೇ ಬರೆದಿದ್ದಾಳೆ, ಒಂದೆಡೆಯೂ ತಪ್ಪಿಲ್ಲ. ‘ಮ’ ಎಂಬುದು ಏಳು ಅಂಕಿಯ ಮುಂದಿದ್ದಾಗ ಮನೆ. ಹತ್ತು ಅಂಕಿಯ, 9ರಿಂದ ಆರಂಭವಾಗುವ ಸಂಖ್ಯೆಯ ಮುಂದೆ ಮನೆ ಎಂಬುದು ಹೊಂದದು. ಉಳಿದದ್ದು ಮಗ ಅಥವಾ ಮಗಳು. ಗಂಡಸಿನ ದನಿ ಎಂದ ಮೇಲೆ ಮಗ.

ಕರೆ ಮಾಡಿದೆ. ಮಗನೇ ಎತ್ತಿದರು, ತಾಯಿಗೆ ಕೊಟ್ಟರು. ವಿಷಯ ಹೇಳಿದಾಗ ಕಮಲು ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಯುಗಾದಿಗೆ ಅವಳ ಫೋನು ಬರಲಿಲ್ಲ. ನನ್ನ ಮೇಲೆ ಏನೋ ಕೋಪ ಅಂದುಕೊಂಡು ನಾನೂ ಸುಮ್ಮನಿದ್ದೆ ಕಣಪ್ಪ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಆ ಎರಡು ಸಾಲು ಹೀಗಿವೆ; ಅವರ ಖಾಸಗಿತನಕ್ಕಾಗಿ ಅಂಕಿಗಳನ್ನು ಮರೆಮಾಡಿದ್ದೇನೆ:

```
ಕಮಲು | ಪಿ.ಪಿ. = ನೆರೆಮನೆ | 0821-2×××××× | ಕೆ | ಸ್ಥಗಿತ
ಕಮಲು | ಮ = ಮಗನ ಮೊಬೈಲ್ | 94480××××× | ಕೆ | ಮಾತಾಡಿದೆ
```

ಸ್ಥಗಿತವಾದ ಸಾಲನ್ನು ಅಳಿಸಿಲ್ಲ. ಬಿಡಿಸಲಾಗದ ಹನ್ನೊಂದು ಸಂಕ್ಷೇಪಗಳು ಇನ್ನೂ ಉಳಿದಿವೆ. ‘ಟಿ’ ಪುಟದಲ್ಲಿ ‘ತಿ.ಚಿ.’ ಯಾರೆಂದು ಬಂಧುಗಳಲ್ಲಿ ಯಾರಿಗಾದರೂ ಹೊಳೆದರೆ ನನಗೆ ತಿಳಿಸಿ.